ಮೈಕಿಗಿಂತ ಮೊದಲು ರಜಾಯಿ: ಶಾಂತಳ್ಳಿ ದಾರಿಯ ಒಂದು ಕೋಣೆಯ ಪ್ರಕರಣ

ನನ್ನ ಚಿಕ್ಕಮ್ಮನ ಮನೆ ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಇಳಿದರೆ ಸಿಗುವ ಕಾಫಿ ತೋಟದ ಅಂಚಿನಲ್ಲಿದೆ. ಅವರು ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ತಮ್ಮ ಅಜ್ಜಿ ಹೇಳುತ್ತಿದ್ದ ಕತೆಗಳನ್ನು ಫೋನಿನಲ್ಲಿ ಹೇಳಿ, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ವಾಟ್ಸಾಪಿನಲ್ಲಿ ಕಳಿಸುವುದು ಅವರು ಹಚ್ಚಿಕೊಂಡ ಕೆಲಸ. ಏಪ್ರಿಲ್ ಕೊನೆಗೆ ಒಬ್ಬ ತಾಯಿ, "ಟೀಚರ್, ಕತೆ ತುಂಬ ಚೆನ್ನಾಗಿದೆ, ಆದರೆ ಬಾವಿಯೊಳಗಿಂದ ಹೇಳಿದ ಹಾಗೆ ಕೇಳುತ್ತದೆ" ಎಂದು ಬರೆದರು. ಅಂಗಡಿಯಲ್ಲಿ ವಿಚಾರಿಸಿದಾಗ 8,500 ರೂಪಾಯಿಯ ಕಂಡೆನ್ಸರ್ ಮೈಕ್ ತೋರಿಸಿದರಂತೆ. ಚಿಕ್ಕಮ್ಮ ದುಡ್ಡು ಎತ್ತಿಟ್ಟು ನನಗೆ ಫೋನ್ ಮಾಡಿದರು.

"ಇದನ್ನ ತಗೊಂಡ್ರೆ ಸರಿಹೋಗುತ್ತೇನೋ?"

"ಒಂದು ವಾರ ತಡೀರಿ ಚಿಕ್ಕಮ್ಮ, ನಾನೇ ಬಂದು ಕೋಣೆ ನೋಡ್ತೀನಿ" ಎಂದೆ.

ನಾನು ಮೈಸೂರಿನಲ್ಲಿ ಹವ್ಯಾಸಿ ನಾಟಕಗಳಿಗೆ ಧ್ವನಿ ನೋಡಿಕೊಳ್ಳುವವನು. ಬಾವಿಯೊಳಗಿನ ದನಿ ಎಂಬ ದೂರು ಕೇಳಿದಾಗ ಹತ್ತರಲ್ಲಿ ಒಂಬತ್ತು ಸಲ ತಪ್ಪು ಮೈಕಿನದ್ದಾಗಿರುವುದಿಲ್ಲ. ಆದ್ದರಿಂದ ಅಲ್ಲಿ ಕಳೆದ ಎರಡು ದಿನವನ್ನು ಅಳತೆಯ ಸಮೇತ ಬರೆದಿಡುತ್ತಿದ್ದೇನೆ.

ಕೋಣೆ

ಮನೆಗೆ ಎರಡು ಭಾಗ. ಹಳೆಯದು ಮಂಗಳೂರು ಹೆಂಚಿನದು, ಮರದ ಮುಚ್ಚಿಗೆ ಮತ್ತು ಅಟ್ಟ ಇರುವುದು. ಪಕ್ಕದಲ್ಲೇ ಕೆಲವು ವರ್ಷದ ಹಿಂದೆ ಕಟ್ಟಿಸಿದ ಆರ್‌ಸಿಸಿ ಕೋಣೆ. ಚಿಕ್ಕಮ್ಮ ಕತೆ ಹೇಳುತ್ತಿದ್ದದ್ದು ಈ ಹೊಸ ಕೋಣೆಯಲ್ಲಿ. "ಇಲ್ಲಿ ಒಂದು ಸದ್ದೂ ಇಲ್ಲ ನೋಡು, ಎಷ್ಟು ಶಾಂತ" ಎಂದರು. ಆ ಮಾತು ನಿಜವೇ. ಆದರೆ ಸದ್ದಿಲ್ಲದ ಕೋಣೆ ಬೇರೆ, ಅನುರಣನವಿಲ್ಲದ ಕೋಣೆ ಬೇರೆ. ಹೊರಗಿನ ಸದ್ದು ಒಳಗೆ ಬರುತ್ತದೆಯೇ ಎನ್ನುವುದು ಒಂದು ಪ್ರಶ್ನೆ. ಒಳಗೆ ಹುಟ್ಟಿದ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದು ಇನ್ನೊಂದು. ಹೊಸ ಕೋಣೆ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಪೂರ್ತಿ ಸೋತಿತ್ತು.

ಕೋಣೆಯ ಉದ್ದ 4 ಮೀಟರ್, ಅಗಲ 3.5 ಮೀಟರ್, ಎತ್ತರ 3 ಮೀಟರ್. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ನುಣುಪು ಗಾರೆ ಮತ್ತು ಬಣ್ಣ, ಮೇಲೆ ಕಾಂಕ್ರೀಟು. ಸಾಮಾನೆಂದರೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಫೋನು ಮೇಜಿನ ಆಚೆ ತುದಿಯಲ್ಲಿ ಪುಸ್ತಕಕ್ಕೆ ಒರಗಿ ನಿಂತಿರುತ್ತಿತ್ತು. ಬಾಯಿಂದ ಫೋನಿಗೆ ಟೇಪು ಹಿಡಿದೆ, 60 ಸೆಂಟಿಮೀಟರ್.

ಮೊದಲು ಚಪ್ಪಾಳೆ ತಟ್ಟಿದೆ. 'ಟಪ್' ಎಂದು ನಿಲ್ಲುವ ಬದಲು ಅದರ ಹಿಂದೆಯೇ 'ಝಿರ್ರ್' ಎಂಬ ಕಂಪನ ಬಂತು. ಎದುರುಬದುರು ನಿಂತ ಎರಡು ಬೋಳು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುವುದು ಹೀಗೆ ಕೇಳುತ್ತದೆ. ಗೋಡೆಗಳ ನಡುವೆ 3.5 ಮೀಟರ್ ಇದ್ದರೆ ಒಂದು ಸಲ ಹೋಗಿ ಬರಲು 7 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾಗಿ ಸೆಕೆಂಡಿಗೆ 49 ಸಲ ಮರಳಿ ಬರುತ್ತದೆ. ಬೆಟ್ಟದ ಎದುರು ನಿಂತು ಕೂಗಿದಾಗ ಬರುವ ಮಾರ್ದನಿಯಂತೆ ಇವನ್ನು ಬಿಡಿಬಿಡಿಯಾಗಿ ಎಣಿಸಲಾಗದು. ಎಲ್ಲ ಕಲಸಿಕೊಂಡು ಮಾತಿನ ಹಿಂದೆ ಒಂದು ಬಾಲವಾಗುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ಜನ ಆಡುಮಾತಿನಲ್ಲಿ ಎಕೋ ಎನ್ನುವುದೂ ಇದನ್ನೇ.

ಬಾಲ ಎಷ್ಟು ಉದ್ದ ಎಂದು ಅಳೆಯಲು ಹಣ ಬೇಕಿಲ್ಲ. ಒಂದು ಬಲೂನು ಒಡೆದು ಅಥವಾ ಬಲವಾಗಿ ಚಪ್ಪಾಳೆ ತಟ್ಟಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಆ ಕಡತವನ್ನು Audacity ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬೇಕು. ಎಡಬದಿಯ ಅಳತೆಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ Logarithmic (dB) ಆರಿಸಿದರೆ ಬಾಲವು ಇಳಿಜಾರಿನ ಹಾಗೆ ಕಾಣುತ್ತದೆ. ಶಿಖರದಿಂದ 60 ಡೆಸಿಬಲ್ ಇಳಿಯಲು ಹಿಡಿಯುವ ಹೊತ್ತೇ ಆ ಕೋಣೆಯ ಅನುರಣನ ಕಾಲ. ಮನೆಯಲ್ಲಿ ಅಷ್ಟು ಆಳ ಸಿಗುವುದಿಲ್ಲ, ಅದಕ್ಕೆ ಮೊದಲೇ ಫ್ಯಾನು, ಜೀರುಂಡೆಗಳ ಸದ್ದು ಅಡ್ಡ ಬರುತ್ತದೆ. ಆದ್ದರಿಂದ 20 ಡೆಸಿಬಲ್ ಇಳಿಯುವ ಹೊತ್ತನ್ನು ನೋಡಿ ಮೂರರಿಂದ ಗುಣಿಸುತ್ತೇವೆ. ಇಲ್ಲಿ ಅರ್ಧ ಸೆಕೆಂಡು ಸಿಕ್ಕಿತು. ಅಂದರೆ ಕೋಣೆಯದು 1.5 ಸೆಕೆಂಡು. ಮಾತಿನ ರೆಕಾರ್ಡಿಂಗಿಗೆ ಇದು ವಿಪರೀತ.

ಕತೆ ಕತ್ತೆಯಾಗುವುದು ಹೇಗೆ

1.5 ಸೆಕೆಂಡು ಕನ್ನಡಕ್ಕೆ ಏನು ಮಾಡುತ್ತದೆ ಎಂದು ತೋರಿಸಲು ಚಿಕ್ಕಮ್ಮನಿಂದ 'ಕತೆ' ಮತ್ತು 'ಕತ್ತೆ' ಎಂದು ಹೇಳಿಸಿದೆ. ಒತ್ತಕ್ಷರದಲ್ಲಿ ನಾಲಿಗೆ ಹಲ್ಲಿಗೆ ಅಂಟಿ ಉಸಿರು ನಿಂತಿರುವ ಒಂದು ಮೌನವಿದೆ. 'ಕತೆ'ಯಲ್ಲಿ ಆ ಮೌನ ಚಿಕ್ಕದು, 'ಕತ್ತೆ'ಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಎರಡು ಪದಗಳನ್ನು ಕಿವಿ ಬೇರೆ ಮಾಡುವುದು ಬಹುಪಾಲು ಆ ಮೌನದ ಅಳತೆಯಿಂದ. ಆದರೆ 1.5 ಸೆಕೆಂಡಿನ ಕೋಣೆಯಲ್ಲಿ ಹತ್ತನೆಯ ಒಂದು ಸೆಕೆಂಡಿಗೆ ಸದ್ದು ಇಳಿಯುವುದು ಬರೀ 4 ಡೆಸಿಬಲ್. ಹಿಂದಿನ 'ಕ'ದ ಸ್ವರ ಇನ್ನೂ ಕೋಣೆಯಲ್ಲಿ ಸುತ್ತುತ್ತಾ ಆ ಮೌನವನ್ನು ತುಂಬಿಬಿಡುತ್ತದೆ. ಮೌನವೇ ಕಾಣದಿದ್ದಾಗ ಒತ್ತು ಮಸುಕಾಗುತ್ತದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಕೊನೆಯಾಗುವುದರಿಂದ ಪ್ರತಿ ಪದದ ಬಾಲ ಮುಂದಿನ ಪದದ ಮೊದಲ ವ್ಯಂಜನದ ಮೇಲೂ ಬೀಳುತ್ತದೆ. ಮಕ್ಕಳು ಪದೇಪದೇ ಹಿಂದಕ್ಕೆ ಹೋಗಿ ಕೇಳುತ್ತಿದ್ದದ್ದು ಇದಕ್ಕೇ.

"ಹಾಗಾದ್ರೆ ನಾನು ಇಲ್ಲಿ ಕೂತು ಮಾತಾಡ್ವಾಗ ನಿಂಗೆ ಹಾಗೆ ಕೇಳ್ತಿಲ್ವಲ್ಲ?" ಎಂದು ಚಿಕ್ಕಮ್ಮ ಕೇಳಿದ ಪ್ರಶ್ನೆ ಬಲು ಸರಿಯಾದದ್ದು. ಎದುರಿಗೆ ಕೂತವನಿಗೆ ಎರಡು ಕಿವಿಗಳಿವೆ. ನೇರವಾಗಿ ಬಂದ ದನಿಯ ದಿಕ್ಕನ್ನು ಮಿದುಳು ಹಿಡಿದುಕೊಂಡು, ಅದರ ಬೆನ್ನಿಗೇ ಗೋಡೆಯಿಂದ ಬಂದದ್ದನ್ನು ಬೇರೆ ಸದ್ದೆಂದು ಲೆಕ್ಕಿಸುವುದಿಲ್ಲ. ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ಪ್ರತಿಫಲನ ಮೂಲ ದನಿಯೊಳಗೇ ಕರಗಿಹೋಗುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಫೋನಿನ ಮೈಕು ಒಂಟಿ ಕಿವಿ. ದಿಕ್ಕುಗಳೆಲ್ಲ ಅಲ್ಲಿ ಕಲಸಿಹೋಗಿ ಒಂದೇ ಸಾಲಾಗುತ್ತವೆ. ಮತ್ತೆ ಕೇಳುವಾಗ ಬೇರ್ಪಡಿಸಲು ಮಿದುಳಿಗೆ ಹಿಡಿತ ಸಿಗುವುದಿಲ್ಲ. ಹಾಗಾಗಿ ಕೋಣೆ ಹೇಗಿದೆ ಎಂದು ಬರಿಗಿವಿಯಲ್ಲಿ ತೀರ್ಮಾನಿಸಬಾರದು, ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಬೇಕು.

ಒಂದು ಅಡಿಯ ಗೆರೆ

ಬಾಯಿಂದ ನೇರ ಬರುವ ದನಿ ದೂರ ಹೋದಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಗಳಿಂದ ಪುಟಿದು ತುಂಬಿಕೊಂಡ ಸದ್ದು ಮಾತ್ರ ಕೋಣೆಯ ಯಾವ ಮೂಲೆಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾದರೆ ಎಲ್ಲೋ ಒಂದು ದೂರದಲ್ಲಿ ಇವೆರಡೂ ಸಮ ಆಗಲೇಬೇಕು. ಅದಕ್ಕಿಂತ ಹತ್ತಿರವಿದ್ದರೆ ದನಿ ಗೆಲ್ಲುತ್ತದೆ, ಆಚೆಗಿದ್ದರೆ ಕೋಣೆ ಗೆಲ್ಲುತ್ತದೆ. ಆ ದೂರದ ಲೆಕ್ಕ ಸುಲಭ:

```
ಸಮದೂರ (ಮೀಟರ್) = 0.057 × √(ಕೋಣೆಯ ಘನ ಮೀಟರ್ ÷ ಅನುರಣನ ಕಾಲ)
```

ಈ ಕೋಣೆ 42 ಘನ ಮೀಟರ್. ಅದನ್ನು 1.5ರಿಂದ ಭಾಗಿಸಿದರೆ 28, ಅದರ ವರ್ಗಮೂಲ 5.3, ಕೊನೆಗೆ ಸಿಗುವುದು 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಮಾತಾಡುವ ಬಾಯಿ ಮುಂದಕ್ಕೆ ಹೆಚ್ಚು ಸದ್ದು ಬಿಡುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಸಿಗುತ್ತದೆ, ಆದರೆ ಒಂದು ಅಡಿ ಎಂದಿಟ್ಟುಕೊಂಡರೆ ಮೋಸವಿಲ್ಲ. ಚಿಕ್ಕಮ್ಮನ ಫೋನು ಎರಡು ಅಡಿಯಲ್ಲಿತ್ತು. ಅಲ್ಲಿ ನೇರ ದನಿ ಕೋಣೆಯ ಸದ್ದಿನ ನಾಲ್ಕನೆಯ ಒಂದು ಪಾಲು ಮಾತ್ರ. ಬಾವಿ ಇದ್ದದ್ದು ಅಲ್ಲಿಯೇ.

ಮೊದಲು ಮಾಡಿದ್ದು ಫೋನನ್ನು ಹತ್ತಿರ ತಂದದ್ದು. ನಾಲ್ಕು ಪುಸ್ತಕಗಳ ಮೇಲೆ ನಿಲ್ಲಿಸಿ ಬಾಯಿಗೆ 15 ಸೆಂಟಿಮೀಟರಿಗೆ ತಂದೆ. ಬೇರೇನೂ ಮುಟ್ಟಲಿಲ್ಲ. ಲೆಕ್ಕದ ಪ್ರಕಾರ ಈಗ ನೇರ ದನಿ ಕೋಣೆಯ ನಾಲ್ಕು ಪಟ್ಟು. ನಾಲ್ಕನೆಯ ಒಂದರಿಂದ ನಾಲ್ಕಕ್ಕೆ, ಒಟ್ಟು ಹದಿನಾರು ಪಟ್ಟು ಸುಧಾರಣೆ, ಒಂದು ಪೈಸೆ ಖರ್ಚಿಲ್ಲದೆ. ಇಯರ್‌ಫೋನ್ ಹಾಕಿ ಕೇಳಿದ ಚಿಕ್ಕಮ್ಮ ತಮ್ಮದೇ ದನಿಗೆ ಬೆರಗಾದರು.

ಹತ್ತಿರ ಬಂದಾಗ ಹೊಸ ತೊಂದರೆಯೊಂದು ಬರುತ್ತದೆ. 'ಪ', 'ಬ', 'ಭ' ಹೇಳುವಾಗ ಉಸಿರು ಸೀದಾ ಮೈಕಿಗೆ ಬಡಿದು 'ಡಬ್' ಎನ್ನುತ್ತದೆ. ಫೋನಿನ ಮೈಕು ಸಾಮಾನ್ಯವಾಗಿ ಕೆಳ ಅಂಚಿನ ತೂತಿನಲ್ಲಿರುತ್ತದೆ. ಆ ತೂತನ್ನು ಬಾಯಿಗೆ ನೇರ ಇಡದೆ ತುಟಿಯ ಮೂಲೆಯ ಕಡೆಗೆ, ಒಂದು ಪಕ್ಕಕ್ಕೆ ಸರಿಸಿದರೆ ಉಸಿರು ಬದಿಯಿಂದ ಹೋಗುತ್ತದೆ, ದನಿ ಸಿಗುತ್ತದೆ. ಹಲವು ಫೋನುಗಳು ಸದ್ದು ಕಡಿಮೆಯಾದಾಗ ತಾವೇ ಮಟ್ಟ ಏರಿಸುತ್ತವೆ. ದೂರದಿಂದ ಮಾತಾಡಿದರೆ ಪದಗಳ ನಡುವೆ ಈ ಏರಿಕೆ ಬಾಲವನ್ನೇ ದೊಡ್ಡದು ಮಾಡುತ್ತದೆ. ಹತ್ತಿರ ಬಂದರೆ ಅದೂ ತಗ್ಗುತ್ತದೆ.

ಹಾಸಿಗೆ, ರಜಾಯಿ, ಮತ್ತು ಕೆಲಸಕ್ಕೆ ಬಾರದ ಮೊಟ್ಟೆ ಟ್ರೇ

ಇನ್ನುಳಿದದ್ದು ಕೋಣೆ. ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸ್ಯಾಬಿನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರಿಗೆ ಬಿತ್ತು. ಅಲ್ಲಿ ಸದ್ದು 5.5 ಸೆಕೆಂಡು ಉಳಿಯುತ್ತಿತ್ತು. ಅವರು ರಾತ್ರಿಯ ಹೊತ್ತು ಪಕ್ಕದ ನಾಟಕಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಸದ್ದು ಅಳಿಯುವ ಹೊತ್ತನ್ನು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಹೊತ್ತು ಕಡಿಮೆಯಾಯಿತು. ಇವತ್ತಿಗೂ ಬಳಸುವ ಸೂತ್ರ ಆ ಮೆತ್ತೆಗಳಿಂದ ಬಂದದ್ದು:

```
ಅನುರಣನ ಕಾಲ = 0.161 × ಘನ ಮೀಟರ್ ÷ ಹೀರಿಕೆ
```

ಹೀರಿಕೆಯನ್ನು ಸ್ಯಾಬಿನ್ ಅದು ಎಷ್ಟು ಅಗಲದ ತೆರೆದ ಕಿಟಕಿಗೆ ಸಮ ಎಂಬ ಲೆಕ್ಕದಲ್ಲಿ ಅಳೆದರು, ಏಕೆಂದರೆ ಕಿಟಕಿಯಿಂದ ಆಚೆ ಹೋದ ಸದ್ದು ಮರಳುವುದಿಲ್ಲ. ನಮ್ಮ ಕೋಣೆಯ ಗೋಡೆ, ನೆಲ, ಮೇಲ್ಛಾವಣಿ ಎಲ್ಲ ಸೇರಿ 73 ಚದರ ಮೀಟರ್. 1.5 ಸೆಕೆಂಡಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅದರಲ್ಲಿ ನಾಲ್ಕೂವರೆ ಚದರ ಮೀಟರ್ ಮಾತ್ರ 'ತೆರೆದಿತ್ತು'. ಇದನ್ನು ಹನ್ನೊಂದಕ್ಕೆ ಏರಿಸಿದರೆ ಕಾಲ 0.6 ಸೆಕೆಂಡಿಗೆ ಇಳಿಯಬೇಕು.

ನಾನು ಬರುವ ಮೊದಲೇ ಚಿಕ್ಕಮ್ಮ ಎರಡು ಪ್ರಯತ್ನ ಮಾಡಿದ್ದರು. ಗೋಡೆಗೆ ಹತ್ತಿ ಬೆಡ್‌ಶೀಟು ಅಂಟಿಸಿದಂತೆ ಕಟ್ಟಿದ್ದು ಒಂದು, ಅಂಗಡಿಯಿಂದ ಮೊಟ್ಟೆಯ ಟ್ರೇ ತಂದು ಜೋಡಿಸಿದ್ದು ಇನ್ನೊಂದು. ಎರಡನ್ನೂ ಇಟ್ಟು ತೆಗೆದು ಅಳೆದೆ, ಇಳಿಜಾರು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಮೊಟ್ಟೆಯ ಟ್ರೇ ತೆಳು ಕಾಗದದ ಗಟ್ಟಿ ಚಿಪ್ಪು, ಸದ್ದನ್ನು ನುಂಗುವ ದಪ್ಪ ಅದಕ್ಕಿಲ್ಲ. ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಬೇರೆ. ಬೆಡ್‌ಶೀಟು 'ಸ', 'ಶ'ಗಳ ಚೂಪನ್ನು ಮಾತ್ರ ತುಸು ತೆಗೆದು, ದನಿಯ ಗುಂಯ್‌ಗುಟ್ಟುವಿಕೆಯನ್ನು ಹಾಗೇ ಬಿಟ್ಟಿತ್ತು. ಇದರಿಂದ ದನಿ ಮೊದಲಿಗಿಂತ ಮಂಕಾಗಿತ್ತು.

ಕಾರಣ ಇದು. ಬಟ್ಟೆಯ ಎಳೆಗಳ ನಡುವೆ ಗಾಳಿ ಓಡಾಡುವಾಗ ಉಜ್ಜಿ ಸದ್ದು ಶಾಖವಾಗುತ್ತದೆ. ಆದರೆ ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಓಡಾಡುವುದೇ ಇಲ್ಲ. ಅದು ಹೆಚ್ಚು ಓಡಾಡುವುದು ಗೋಡೆಯಿಂದ ಅಲೆಯುದ್ದದ ಕಾಲು ಭಾಗದಷ್ಟು ಈಚೆಗೆ. ಗೋಡೆಗೆ ಅಂಟಿದ 5 ಸೆಂಟಿಮೀಟರ್ ದಪ್ಪದ ಬಟ್ಟೆ ಚೆನ್ನಾಗಿ ಕೆಲಸ ಮಾಡುವುದು 1,700 ಹರ್ಟ್ಸ್‌ನ ಆಸುಪಾಸಿನಿಂದ ಮೇಲಕ್ಕೆ. ಅದೇ ಬಟ್ಟೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತೂಗುಹಾಕಿದರೆ 400 ಹರ್ಟ್ಸ್‌ನವರೆಗೂ ಕೈ ಚಾಚುತ್ತದೆ. ಬಟ್ಟೆ ಅದೇ, ಹಗ್ಗ ಒಂದು ಗೇಣು ಈಚೆಗೆ ಬಂದಿತು, ಅಷ್ಟೇ. ಎರಡೂ ಬದಿ ಗಾಳಿಗೆ ತೆರೆದಿರುವುದರಿಂದ ಹೀರಿಕೆಯೂ ಹೆಚ್ಚು.

ಕೊಡಗಿನ ಮನೆಯಲ್ಲಿ ದಪ್ಪ ರಜಾಯಿಗೆ ಬರವಿಲ್ಲ. ಎರಡು ರಜಾಯಿ, ಒಂದು ಹತ್ತಿಯ ಹಾಸಿಗೆ, ಒಂದು ಕಂಬಳಿ ಆರಿಸಿಕೊಂಡೆವು. ಸೋಮವಾರಪೇಟೆಯಿಂದ ನೈಲಾನ್ ಹಗ್ಗ, ನಾಲ್ಕು ಕೊಕ್ಕೆ ತಂದದ್ದಕ್ಕೆ 180 ರೂಪಾಯಿ. ಬಾಯಿಯ ದನಿ ನೇರ ಹೋಗಿ ಬಡಿಯುವುದು ಎದುರಿನ ಗೋಡೆಗೆ, ಆದ್ದರಿಂದ ಹಾಸಿಗೆಯನ್ನು ಫೋನಿನ ಹಿಂದೆ, ಎರಡು ಕುರ್ಚಿಗಳ ಬೆನ್ನಿಗೆ ನಿಲ್ಲಿಸಿದೆವು. ಒಂದು ರಜಾಯಿ ಚಿಕ್ಕಮ್ಮನ ಬೆನ್ನ ಹಿಂದೆ. ಇನ್ನೊಂದು 'ಝಿರ್ರ್' ಎನ್ನುತ್ತಿದ್ದ ಜೋಡಿ ಗೋಡೆಗಳಲ್ಲಿ ಒಂದರ ಮುಂದೆ. ಜೋಡಿಯಲ್ಲಿ ಒಂದನ್ನು ಮುಚ್ಚಿದರೆ ಸಾಕು, ಚೆಂಡು ಪುಟಿಯುವುದು ನಿಲ್ಲುತ್ತದೆ. ಮೇಜಿನ ಹಲಗೆಯಿಂದ ಬರುವ ಹತ್ತಿರದ ಪ್ರತಿಫಲನಕ್ಕೆ ಕಂಬಳಿಯನ್ನು ಮಡಿಸಿ ಹಾಸಿದೆವು.

ರಜಾಯಿಗೆ ಎರಡೆರಡು, ಹಾಸಿಗೆಗೆ ಎರಡು, ಕಂಬಳಿಗೆ ಅರ್ಧ ಎಂದು ನಾನು ಅಂದಾಜಿಸಿದ್ದೆ. ಒಟ್ಟು ಆರೂವರೆ ಚದರ ಮೀಟರ್ ತೆರೆದ ಕಿಟಕಿ. ಮತ್ತೆ ಬಲೂನು ಒಡೆದೆ. 20 ಡೆಸಿಬಲ್ ಇಳಿಯಲು 0.21 ಸೆಕೆಂಡು, ಮೂರರಿಂದ ಗುಣಿಸಿದರೆ 0.63. ಸಮದೂರ ಈಗ ಒಂದೂವರೆ ಅಡಿಗೆ ಏರಿತ್ತು, 15 ಸೆಂಟಿಮೀಟರಿನಲ್ಲಿ ನೇರ ದನಿ ಕೋಣೆಯ ಹತ್ತಿರಹತ್ತಿರ ಹತ್ತು ಪಟ್ಟು. ಒತ್ತಕ್ಷರದ ಮೌನದಲ್ಲಿ ಸದ್ದು 10 ಡೆಸಿಬಲ್‌ನಷ್ಟು ಇಳಿಯತೊಡಗಿತು. 'ಕತ್ತೆ' ಕತ್ತೆಯಾಗಿ, 'ಕತೆ' ಕತೆಯಾಗಿ ಕೇಳಿತು.

ಈ ಅಂಕಿಗಳಲ್ಲಿ ನನಗೆ ಮುಖ್ಯವೆನಿಸುವುದು ಕ್ರಮ. ಹತ್ತಿರ ಬಂದದ್ದು ಹದಿನಾರು ಪಟ್ಟು ಕೊಟ್ಟಿತು, ಅಷ್ಟೆಲ್ಲ ಹೊತ್ತು ತಂದ ರಜಾಯಿ ಹಾಸಿಗೆಗಳು ಕೊಟ್ಟದ್ದು ಎರಡೂವರೆ ಪಟ್ಟಿಗೆ ಹತ್ತಿರ. ಎರಡೂ ಬೇಕು, ಆದರೆ ರಜಾಯಿ ಕಟ್ಟಿ ಎರಡು ಅಡಿ ದೂರದಲ್ಲೇ ಕೂತರೆ ಶ್ರಮ ವ್ಯರ್ಥ.

ಬಟ್ಟೆ ತುಂಬಿದ ಅಲ್ಮೆರಾ ಒಳಗೆ ತಲೆ ಹಾಕಿ ಮಾತಾಡಿದರೆ ಹೇಗೆ ಎಂದು ಚಿಕ್ಕಮ್ಮ ಕೇಳಿದರು, ಯಾರೋ ಹೇಳಿದ್ದರಂತೆ. ಬಟ್ಟೆ ಒಳ್ಳೆಯದೇ, ಇಕ್ಕಟ್ಟು ಒಳ್ಳೆಯದಲ್ಲ. ಒಂದು ಮೀಟರ್ ಅಂತರದ ಎರಡು ಹಲಗೆಗಳ ನಡುವೆ 170 ಹರ್ಟ್ಸ್ ಆಸುಪಾಸಿನ ಸದ್ದು ಉಬ್ಬಿ ನಿಲ್ಲುತ್ತದೆ, ಅದು ಹೆಂಗಸರ ದನಿಯ ತಳದಲ್ಲೇ ಬೀಳುತ್ತದೆ. ಬಟ್ಟೆ ಅದನ್ನು ಹೀರಲಾರದು. ಡಬ್ಬದೊಳಗಿನ ದನಿ ಬರುತ್ತದೆ. ನಾಲ್ಕು ಮೀಟರ್ ಕೋಣೆಯಲ್ಲಿ ಈ ಉಬ್ಬು 43 ಹರ್ಟ್ಸ್‌ನಿಂದ ಶುರುವಾಗುತ್ತದೆ, ಅಷ್ಟು ಕೆಳಗೆ ಮಾತಿನ ದನಿ ಇಳಿಯುವುದಿಲ್ಲ.

ಆ ಮೈಕನ್ನೂ ಇಟ್ಟು ನೋಡಿದೆವು

ನಮ್ಮ ತಂಡದ ಒಂದು ಕಂಡೆನ್ಸರ್ ಮೈಕನ್ನು ನಾನು ಜೊತೆಗೆ ಒಯ್ದಿದ್ದೆ, ಅಂಗಡಿಯವರು ತೋರಿಸಿದ್ದಂಥದ್ದೇ. ಎಲ್ಲ ಬಟ್ಟೆ ತೆಗೆದು ಬೋಳು ಕೋಣೆಯಲ್ಲಿ 60 ಸೆಂಟಿಮೀಟರ್ ದೂರದಲ್ಲಿಟ್ಟು ಒಂದು ಪುಟ ಓದಿಸಿದೆ. ಅನಂತರ ಫೋನನ್ನು 15 ಸೆಂಟಿಮೀಟರಿನಲ್ಲಿಟ್ಟು, ಬಟ್ಟೆ ಕಟ್ಟಿ, ಅದೇ ಪುಟ. ಎರಡರ ಮಟ್ಟ ಸಮ ಮಾಡಿ ಯಾವುದು ಯಾವುದೆಂದು ಹೇಳದೆ ಕೇಳಿಸಿದೆ. ಚಿಕ್ಕಮ್ಮನೂ ಚಿಕ್ಕಪ್ಪನೂ ಫೋನಿನದನ್ನೇ ಮೈಕಿನದು ಎಂದುಕೊಂಡರು.

ಇಂಥ ಮೈಕು ಹಿಂದಿನಿಂದ ಬರುವ ಸದ್ದನ್ನು ತಡೆಯುತ್ತದೆ, ನಿಜ. ಎಲ್ಲ ದಿಕ್ಕಿಗೂ ಕಿವಿಗೊಡುವ ಫೋನಿಗೆ ಹೋಲಿಸಿದರೆ ಅದನ್ನು 1.7 ಪಟ್ಟು ದೂರ ಇಡಬಹುದು, ಅಷ್ಟೇ ಲಾಭ. ಎರಡು ಅಡಿಯಲ್ಲಿಟ್ಟರೆ ಫೋನನ್ನು ಒಂದು ಅಡಿಗಿಂತ ತುಸು ಆಚೆ ಇಟ್ಟಂತೆ. ಅದರ ಮುಖ ನೋಡುತ್ತಿರುವುದು ಮಾತಾಡುವವರ ಬೆನ್ನ ಹಿಂದಿನ ಗೋಡೆಯನ್ನು, ಆ ಗೋಡೆಯ ಸದ್ದನ್ನೆಲ್ಲ ಅದು ನಿಚ್ಚಳವಾಗಿ ಹಿಡಿಯುತ್ತದೆ. ತಂತ್ರಾಂಶದ ಸದ್ದು ತೆಗೆಯುವ ಸಾಧನವೂ ಇಲ್ಲಿ ನೆರವಾಗದು. ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಅದು ಗುರುತಿಸಬಲ್ಲದು. ಅನುರಣನ ಎಂದರೆ ನಮ್ಮದೇ ದನಿ, ಅದನ್ನು ಕೀಳಹೊರಟರೆ ಮಾತಿನ ತೊಗಟೆಯೂ ಕಿತ್ತು ಬರುತ್ತದೆ.

ಮಾಡಿದ್ದರಿಂದ ಸರಿಹೋಗದ್ದೂ ಇದೆ. ರಜಾಯಿ ಒಳಗಿನ ಸದ್ದನ್ನು ಹೀರುತ್ತದೆ, ಹೊರಗಿನದನ್ನು ತಡೆಯುವುದಿಲ್ಲ. ಬಾಲ ಹೋದ ಮೇಲೆ ಪಕ್ಕದ ತೋಟದ ಮೋಟಾರು ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು. ಹಳೆಯ ಭಾಗದ ನಡುಕೋಣೆಯನ್ನೂ ಅಳೆದೆ. ಮರದ ಮುಚ್ಚಿಗೆ, ಪೇರಿಸಿದ ಹಾಸಿಗೆಗಳು, ತುಂಬಿದ ಗೋಣಿಚೀಲಗಳಿಂದಾಗಿ ಏನೂ ಮಾಡದೆಯೇ 0.5 ಸೆಕೆಂಡು. ಬೇಸಿಗೆಯ ನಸುಕಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೆಂಚಿನ ಮೇಲೆ ಮಳೆ ಬಿದ್ದರೆ ಮಾತ್ರ ಅಲ್ಲಿ ಒಂದು ವಾಕ್ಯವೂ ದಕ್ಕುವುದಿಲ್ಲ.

ಜೂನ್ ಮಧ್ಯಕ್ಕೆ ಮಳೆ ಹಿಡಿಯಿತು. ರಾತ್ರಿ ಹೊದೆಯಲು ರಜಾಯಿ ಬೇಕು, ಬೆಳಿಗ್ಗೆ ಕಟ್ಟಲೂ ಅದೇ ಬೇಕು. ಒದ್ದೆ ಗಾಳಿಗೆ ಗೋಡೆಯ ಪಕ್ಕ ತೂಗಿಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆಂದು ಚಿಕ್ಕಮ್ಮ ಕೆಲಸ ಮುಗಿದ ಕೂಡಲೇ ಇಳಿಸಿ ಒಲೆಯ ಮೇಲಿನ ಬಿದಿರಿಗೆ ಹಾಕುತ್ತಾರೆ. ಒಂದು ದಿನ ಚಿಕ್ಕಪ್ಪನಿಗೆ ಜ್ವರ, ಒಂದೇ ರಜಾಯಿ ಕಟ್ಟಿ ಕತೆ ಹೇಳಿ ಕಳಿಸಿದರು. ಬಲೂನಿನ ಸದ್ದನ್ನೂ ಕಳಿಸಿದ್ದರು, 0.75 ಸೆಕೆಂಡು ಬಂತು. "ಕೇಳೋವಾಗ್ಲೇ ಗೊತ್ತಾಯ್ತು ಕಣೋ, ಬಲಗಡೆ ಗೋಡೆ ಮತ್ತೆ ಮಾತಾಡ್ತಿದೆ" ಎಂದರು. ಮರುವಾರ ಕುಶಾಲನಗರಕ್ಕೆ ಹೋದಾಗ ಮೈಕಿಗೆಂದು ಎತ್ತಿಟ್ಟ ಹಣದಲ್ಲಿ ಇನ್ನೊಂದು ದಪ್ಪ ರಜಾಯಿ ಕೊಂಡು ತಂದರು.